ಐವತ್ತೈದು ಸಾವಿರ ಲಕೋಟೆ, ಒಂದೇ ಪ್ರಶ್ನೆ

ನಮ್ಮ ದೊಡ್ಡಪ್ಪನ ಮಗ ತೀರ್ಥಹಳ್ಳಿ ಹತ್ತಿರ ಒಂದು ಶೆಡ್ಡಿನಲ್ಲಿ ಅಡಿಕೆ ಸುಲಿಯುವ ಯಂತ್ರ ಮಾಡ್ತಾನೆ. ಒಂದು ಲೇತು, ಎರಡು ವೆಲ್ಡಿಂಗ್ ಸೆಟ್ಟು, ನಾಲ್ಕು ಜನ. ಯಂತ್ರ ಚೆನ್ನಾಗಿದೆ, ಆದರೆ ಅದು ಚೆನ್ನಾಗಿದೆ ಅನ್ನೋದು ಸುತ್ತಲಿನ ಮೂವತ್ತು ಕಿಲೋಮೀಟರಿನವರಿಗೆ ಮಾತ್ರ ಗೊತ್ತು. ಕೆಲವು ವರ್ಷದ ಹಿಂದೆ ಒಂದು ರಾತ್ರಿ ಫೋನ್ ಮಾಡಿದ. "ಮಾರಾಯಾ, ಮಂಗಳೂರು ಕಡೆ ಡಿಸ್ಟ್ರಿಬ್ಯೂಟರ್‌ಗಳು ಇದ್ದಾರಲ್ಲ, ಅವರಿಗೆ ಒಂದು ಇಮೇಲ್ ಬರೆದುಕೊಡು. ದಿನಾ ಅದನ್ನೇ ಅಲ್ವಾ ನೀನು ಮಾಡೋದು?"

ಬಿಇ ಮಾಡಿದವನಿಗೆ ಊರಿನಲ್ಲಿ ಸಿಗುವ ಕೆಲಸಗಳೇ ಇಂಥವು. ಟಿವಿ ರಿಪೇರಿ, ಆಧಾರ್ ಲಿಂಕ್, ಈಗ ಇಮೇಲ್. ಮಾಡಿಕೊಟ್ಟೆ. ಕಂಪನಿಯ ಪರಿಚಯ ಎರಡು ಪ್ಯಾರಾ, ಯಂತ್ರದ ಗುಣಗಳು ಹನ್ನೊಂದು ಸಾಲು, ಒಂಬತ್ತು ಪುಟದ ಪಿಡಿಎಫ್, ಬೆಲೆಪಟ್ಟಿ. ಕೊನೆಗೆ "ನಮ್ಮ ಅಧಿಕೃತ ಡಿಸ್ಟ್ರಿಬ್ಯೂಟರ್ ಆಗಿ, ಅಥವಾ ನಮ್ಮ ವರ್ಕ್‌ಶಾಪಿಗೆ ಭೇಟಿ ಕೊಡಿ, ಅಥವಾ ಫೋನಿನಲ್ಲಿ ಮಾತಾಡಲು ಸಮಯ ತಿಳಿಸಿ, ನಿಮ್ಮ ಅಭಿಪ್ರಾಯವನ್ನೂ ಬರೆಯಿರಿ". ನಲವತ್ತು ವಿಳಾಸ ಹುಡುಕಿ ಒಂದೇ ಸಲಕ್ಕೆ ಕಳಿಸಿದ್ವಿ. ಒಂದು ಉತ್ತರವೂ ಬರಲಿಲ್ಲ. "ಬೇಡ" ಅಂತಲೂ ಯಾರೂ ಬರೆಯಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಹೋಂಡಾ ಕಂಪನಿಯ ಶುರುವಿನ ದಿನಗಳ ಬಗ್ಗೆ ಓದುತ್ತಿದ್ದೆ. ಅಲ್ಲಿ 1952ರ ಒಂದು ಪತ್ರದ ಕತೆ ಸಿಕ್ಕಿತು. ಸಣ್ಣ ಕಾರ್ಖಾನೆಯೊಂದು ಮುಖಪರಿಚಯವಿಲ್ಲದ ಅಂಗಡಿಯವರಿಗೆ ಬರೆದ ಪತ್ರ. ನಾನು ಬರೆದದ್ದು ಯಾಕೆ ಬಿದ್ದುಹೋಯಿತು ಅಂತ ನನಗೆ ತಿಳಿದದ್ದು ಆ ಕತೆಯಿಂದ.

ಹೋಂಡಾ ಅಂದರೆ ಈಗ ನಮಗೆ ಆಕ್ಟಿವಾ. ಆದರೆ 1946ರಲ್ಲಿ ಅದು ಹಮಾಮಾತ್ಸು ಊರಿನ ಒಂದು ಶೆಡ್ಡು. ಯುದ್ಧದಲ್ಲಿ ಸೈನ್ಯ ಬಳಸಿ ಬಿಟ್ಟ ವೈರ್‌ಲೆಸ್ ಸೆಟ್ಟುಗಳಿಗೆ ಕರೆಂಟು ಕೊಡುವ ಪುಟ್ಟ ಎಂಜಿನ್‌ಗಳು ಸೋಯಿಚಿರೋ ಹೋಂಡಾ ಕೈಗೆ ಸಿಕ್ಕವು. ಆತ ಅವನ್ನು ಸೈಕಲ್ಲಿಗೆ ಕಟ್ಟಿದ. ಮೊದಲು ಕಟ್ಟಿದ್ದಕ್ಕೆ ಪೆಟ್ರೋಲ್ ಟ್ಯಾಂಕು ಯಾವುದು ಗೊತ್ತಾ? ಚಳಿಗಾಲದಲ್ಲಿ ಹಾಸಿಗೆ ಬೆಚ್ಚಗಿಡಲು ಬಿಸಿನೀರು ತುಂಬಿಡುವ ಬಾಟಲಿ. ಓಡುವಾಗ ಬರುವ ಸದ್ದಿನಿಂದ ಜನ ಈ ಥರದ ಸೈಕಲ್ಲಿಗೆ 'ಬಾಟಾ-ಬಾಟಾ' ಅಂತ ಹೆಸರಿಟ್ಟರು. ನಮ್ಮಲ್ಲಿ ಬುಲೆಟ್ಟಿಗೆ 'ಡುಗುಡುಗು' ಅಂದ ಹಾಗೆ. ಸಿಕ್ಕ ಎಂಜಿನ್‌ಗಳು ಮುಗಿದ ಮೇಲೆ ಹೋಂಡಾ ತಾನೇ ಎಂಜಿನ್ ಮಾಡಲು ಶುರುಮಾಡಿದ. 1948ರಲ್ಲಿ ಕಂಪನಿ ಆಯಿತು.

ಹೋಂಡಾಗೆ ಯಂತ್ರ ಗೊತ್ತು, ದುಡ್ಡು ಗೊತ್ತಿಲ್ಲ. 1949ರಲ್ಲಿ ತಾಕೆಯೋ ಫುಜಿಸಾವಾ ಅನ್ನುವವರು ಬಂದು ಸೇರಿದರು. ಆಮೇಲೆ ಮಾರಾಟ ಮತ್ತು ಹಣದ ಕಡೆಗೆ ಹೋಂಡಾ ತಲೆ ಹಾಕಲಿಲ್ಲ, ಎಂಜಿನ್ ಕಡೆಗೆ ಫುಜಿಸಾವಾ ತಲೆ ಹಾಕಲಿಲ್ಲ. ಈ ಫುಜಿಸಾವಾ ಓದು ಮುಗಿಸಿದ ಮೇಲೆ ಒಂದಷ್ಟು ಕಾಲ ಹೊಟ್ಟೆಪಾಡಿಗೆ ಬೇರೆಯವರ ಲಕೋಟೆಗಳ ಮೇಲೆ ವಿಳಾಸ ಬರೆಯುವ ಕೆಲಸ ಮಾಡಿದ್ದವರು. ಆಮೇಲೆ ಉಕ್ಕಿನ ವ್ಯಾಪಾರದ ಅಂಗಡಿಯಲ್ಲಿ ಸೇಲ್ಸ್‌ಮನ್. ಲಕೋಟೆ ಒಡೆಯುವವನ ಮನಸ್ಸು ಈ ಮನುಷ್ಯನಿಗೆ ಸ್ವಲ್ಪ ಗೊತ್ತಿತ್ತು ಅಂತ ಅಂದುಕೊಳ್ಳುವುದಕ್ಕೆ ನನಗಿಷ್ಟ.

1952ರಲ್ಲಿ ಹೋಂಡಾ ಹೊಸ ಎಂಜಿನ್ ಮಾಡಿ ಮುಂದಿಟ್ಟ. ಹೆಸರು ಕಬ್ ಎಫ್. 50 ಸಿಸಿ, ಟೂ-ಸ್ಟ್ರೋಕ್, ಒಂದು ಹಾರ್ಸ್‌ಪವರ್, ತೂಕ ಬರೀ ಆರು ಕೆಜಿ. ಬಿಳಿ ಟ್ಯಾಂಕು, ಕೆಂಪು ಎಂಜಿನ್. ಸೈಕಲ್ಲಿನ ಹಿಂದಿನ ಚಕ್ರದ ಎಡಗಡೆಗೆ ಸಿಕ್ಕಿಸಿದರೆ ಆಯಿತು. ಇಡೀ ಸಾಮಾನು ಒಂದು ರಟ್ಟಿನ ಡಬ್ಬದಲ್ಲಿ ಹಿಡಿಯುತ್ತಿತ್ತು.

ಇದನ್ನು ಮಾರುವವರು ಯಾರು? ಆಗ ಜಪಾನಿನಲ್ಲಿ ಮೋಟಾರ್‌ಸೈಕಲ್ ಅಂಗಡಿಗಳು ಕೆಲವು ನೂರು ಇದ್ದಿರಬಹುದು, ಅದೂ ಪೇಟೆಗಳಲ್ಲಿ. ಅವರ ಹಿಂದೆ ಹತ್ತಾರು ಕಂಪನಿಗಳು ಸಾಲುಗಟ್ಟಿದ್ದವು. ನಿನ್ನೆ ಹುಟ್ಟಿದ ಕಂಪನಿಯ ಮಾಲು ಮೂಲೆಯಲ್ಲಿ ಕೂರುತ್ತಿತ್ತು, ಮಾರಿದ ಮಾಲಿನ ದುಡ್ಡೂ ನಿಧಾನವಾಗಿ ಬರುತ್ತಿತ್ತು. ಸಣ್ಣ ತಯಾರಕ ಸಾಯುವುದು ಮಾಲು ಮಾರದೆ ಮಾತ್ರವಲ್ಲ. ಮಾರಿದ ಮಾಲಿನ ದುಡ್ಡು ಬರುವಷ್ಟರಲ್ಲಿ ಉಕ್ಕಿನವನಿಗೆ ಕೊಡಲು ದುಡ್ಡಿಲ್ಲದೆಯೂ ಸಾಯುತ್ತಾನೆ. ನಮ್ಮಣ್ಣನ ಡೈರಿ ತೆಗೆದರೆ ಇದೇ ಕತೆ.

ಫುಜಿಸಾವಾ ಆ ಕಡೆ ನೋಡುವುದನ್ನೇ ಬಿಟ್ಟು ಸೈಕಲ್ ಅಂಗಡಿಗಳ ಕಡೆ ನೋಡಿದರು. ದೇಶದಲ್ಲಿ ಸುಮಾರು 55,000 ಸೈಕಲ್ ಅಂಗಡಿಗಳಿದ್ದವು. ನಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕದ ಪಂಕ್ಚರ್ ಅಂಗಡಿ ಇತ್ತಲ್ಲ, ಅಂಥವು. ಅಂಗಡಿಯವನಿಗೆ ಸ್ಪ್ಯಾನರ್ ಹಿಡಿಯಲು ಬರುತ್ತೆ. ಊರಿನಲ್ಲಿ ಯಾರ ಹತ್ತಿರ ಯಾವ ಸೈಕಲ್ಲಿದೆ, ಯಾರು ದಿನಾ ದಿಬ್ಬ ಹತ್ತಿಕೊಂಡು ಪೇಟೆಗೆ ಹೋಗ್ತಾರೆ ಅಂತ ಅವನಿಗೆ ಗೊತ್ತು. ಆರು ಕೆಜಿ ಎಂಜಿನ್ ಬೇಕಾಗಿರುವ ಗಿರಾಕಿ ಆಗಲೇ ಅವನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಾನೆ. ಅವನು ಎಂಜಿನ್ ಮಾರಿಲ್ಲ, ಅಷ್ಟೇ ಕೊರತೆ.

ಆದರೆ 55,000 ಅಂಗಡಿಗೆ ಸೇಲ್ಸ್‌ಮನ್ ಕಳಿಸುವುದು ಆಗದ ಮಾತು. ಹಾಗಾಗಿ ಪತ್ರ. ಒಂದಲ್ಲ, ಎರಡು.

ಮೊದಲ ಪತ್ರದ ಸಾರ ಇಷ್ಟು. ರಷ್ಯಾ-ಜಪಾನ್ ಯುದ್ಧ ಮುಗಿದ ಕಾಲದಲ್ಲಿ, ಅಂದರೆ 1905ರ ನಂತರ, ನಿಮ್ಮ ಹಿರಿಯರು ವಿದೇಶದಿಂದ ಬಂದ ಸೈಕಲ್ ಅನ್ನುವ ಹೊಸ ವಸ್ತುವನ್ನು ಮಾರುವ ಧೈರ್ಯ ಮಾಡಿದರು. ನಿಮ್ಮ ಇವತ್ತಿನ ಅಂಗಡಿ ಅದರ ಫಲ. ಈಗ ನಿಮ್ಮ ಗಿರಾಕಿಗಳು ಎಂಜಿನ್ ಇರುವ ಸೈಕಲ್ ಬಯಸುತ್ತಿದ್ದಾರೆ. ಹೋಂಡಾದವರು ನಾವು ಅಂಥ ಎಂಜಿನ್ ಮಾಡಿದ್ದೇವೆ. ನಿಮಗೆ ಆಸಕ್ತಿ ಇದೆಯಾ? ಇದ್ದರೆ ತಿಳಿಸಿ.

ಮುಗೀತು. ಕೊಳ್ಳಿ ಅಂತ ಇಲ್ಲ, ಏಜೆನ್ಸಿ ತಗೊಳ್ಳಿ ಅಂತ ಇಲ್ಲ, ದರ ಇಲ್ಲ. ಕೇಳಿದ್ದು ಒಂದೇ, ಆಸಕ್ತಿ ಇದೆಯಾ ಇಲ್ಲವಾ. ಅಂಗಡಿಯವನು ಚಹಾ ಕುಡಿಯುತ್ತಾ ಓದಿ, ಹೆಂಡತಿಯನ್ನೂ ಲೆಕ್ಕದ ಪುಸ್ತಕವನ್ನೂ ಕೇಳದೆ ಉತ್ತರ ಬರೆಯಬಹುದಾದ ಪ್ರಶ್ನೆ ಅದು. ಹೌದು ಅಂದರೆ ಅವನು ಕಳಕೊಳ್ಳುವುದು ಒಂದು ಅಂಚೆಯ ಖರ್ಚು.

ನಾನು ಬರೆದ ಇಮೇಲನ್ನು ಈ ಪತ್ರದ ಪಕ್ಕ ಇಟ್ಟು ನೋಡಿದೆ. ಡಿಸ್ಟ್ರಿಬ್ಯೂಟರ್ ಆಗಿ ಅಂತ ಕೇಳಿದ್ದೆ. ಆ ಒಂದು ಪ್ರಶ್ನೆಗೆ ಉತ್ತರ ಕೊಡಲು ಆ ಮನುಷ್ಯ ಎಷ್ಟು ವಿಷಯ ಯೋಚಿಸಬೇಕು? ಯಂತ್ರ ನಿಜವಾಗಿ ಸುಲಿಯುತ್ತಾ, ಕೆಟ್ಟರೆ ರಿಪೇರಿ ಯಾರು ಮಾಡ್ತಾರೆ, ಗೋಡೌನಿನಲ್ಲಿ ಜಾಗ ಇದೆಯಾ, ಈಗ ಇಟ್ಟಿರುವ ಬ್ರ್ಯಾಂಡಿನವರು ಮುನಿಸಿಕೊಳ್ತಾರಾ, ಉಧಾರಿ ಎಷ್ಟು ದಿನ. ಇಷ್ಟಕ್ಕೂ ಉತ್ತರ ಇಲ್ಲದ ಮನುಷ್ಯ ಏನು ಮಾಡ್ತಾನೆ? ನಾಳೆ ನೋಡೋಣ ಅಂತ ಫೋನ್ ಪಕ್ಕಕ್ಕಿಡ್ತಾನೆ. ಅದರ ಮೇಲೆ ನಾನು ಭೇಟಿ, ಫೋನು, ಅಭಿಪ್ರಾಯ ಅಂತ ಇನ್ನೂ ಮೂರು ಬಾಗಿಲು ತೆರೆದಿಟ್ಟಿದ್ದೆ. ಆಯ್ಕೆ ಕೊಟ್ಟರೆ ಅನುಕೂಲ ಅಂತ ನನ್ನ ಲೆಕ್ಕ ಇತ್ತು. ಯಾವ ಬಾಗಿಲಿಗೂ ಅವರು ಬರಲಿಲ್ಲ.

ಫುಜಿಸಾವಾ ಪತ್ರಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಅಂಗಡಿಗಳು ಆಸಕ್ತಿ ಇದೆ ಅಂತ ಬರೆದವು. ಇದು ಕಂಪನಿ ತನ್ನ ಕತೆಯಲ್ಲಿ ತಾನೇ ಹೇಳಿಕೊಂಡ ಅಂಕಿ, ಹಾಗಾಗಿ ಸ್ವಲ್ಪ ಉಪ್ಪು ಖಾರ ಇರಬಹುದು. ಅರ್ಧಕ್ಕರ್ಧ ಕಡಿಮೆ ಮಾಡಿಕೊಂಡರೂ ದೊಡ್ಡದೇ.

ಎರಡನೇ ಪತ್ರ ಈ ಮೂವತ್ತು ಸಾವಿರಕ್ಕೆ ಮಾತ್ರ ಹೋಯಿತು. ಲೆಕ್ಕ ಬಂದದ್ದು ಇಲ್ಲಿ. ಗಿರಾಕಿಗೆ ಮಾರುವ ಬೆಲೆ 25,000 ಯೆನ್. ಅಂಗಡಿಗೆ ಕೊಡುವ ಬೆಲೆ 19,000 ಯೆನ್. ಒಂದು ಎಂಜಿನ್ ಮಾರಿದರೆ ಆರು ಸಾವಿರ ಅಂಗಡಿಯವನ ಜೇಬಿಗೆ, ನೂರಕ್ಕೆ ಇಪ್ಪತ್ನಾಲ್ಕು. ಅರ್ಜಿ ಬಂದ ಸರದಿಯಲ್ಲಿ ಒಂದೊಂದು ಅಂಗಡಿಗೆ ಒಂದೊಂದು ಎಂಜಿನ್ ಕಳಿಸುತ್ತೇವೆ. ಹಣ ಮೊದಲು ಕಳಿಸಿ, ಅಂಚೆ ಮೂಲಕ, ಇಲ್ಲವೇ ಮಿತ್ಸುಬಿಷಿ ಬ್ಯಾಂಕಿನ ಕ್ಯೋಬಾಶಿ ಶಾಖೆಗೆ.

ಹಣ ಮೊದಲು! ಹೆಸರು ಕೇಳಿರದ ಕಂಪನಿಗೆ, ನೋಡಿರದ ಮಾಲಿಗೆ. ಇಲ್ಲಿ ಮಿಕ್ಕ ಅನುಮಾನ ಒಂದೇ. ಇವರು ದುಡ್ಡು ತಗೊಂಡು ಓಡಿಹೋದರೆ? ಅದಕ್ಕೆ ಫುಜಿಸಾವಾ ಬಾಯಿಮಾತಿನ ಭರವಸೆ ಕೊಡಲಿಲ್ಲ. ಕ್ಯೋಬಾಶಿ ಶಾಖೆಯ ಮ್ಯಾನೇಜರರ ಹೆಸರಿನಲ್ಲೇ ಅಂಗಡಿಗಳಿಗೆ ಇನ್ನೊಂದು ಪತ್ರ ಹೋಗುವಂತೆ ಮಾಡಿದರು. ಹೋಂಡಾ ಕಂಪನಿ ನಮ್ಮ ಬ್ಯಾಂಕಿನ ಗಿರಾಕಿ, ಅವರಿಗೆ ಕಳಿಸುವ ಹಣವನ್ನು ನಮ್ಮ ಶಾಖೆಗೆ ಕಳಿಸಿ ಅನ್ನುವ ಅರ್ಥದ್ದು. ಊರಿನ ಸೈಕಲ್ ಅಂಗಡಿಯವನಿಗೆ ಹೋಂಡಾ ಯಾರೋ, ಮಿತ್ಸುಬಿಷಿ ಬ್ಯಾಂಕು ಗೊತ್ತು. ಸಾವಿರಗಟ್ಟಲೆ ಅಂಗಡಿಗಳು ದುಡ್ಡು ಕಳಿಸಿದವು. ಕೊನೆಗೆ ಕಬ್ ಮಾರುವ ಅಂಗಡಿಗಳ ಸಂಖ್ಯೆ ಹತ್ತು ಸಾವಿರ ದಾಟಿತು. ಜೊತೆಗೆ ಉಧಾರಿಯ ತಲೆನೋವಿಲ್ಲದ ನಗದು ಕೈಗೆ ಬಂತು.

ಎರಡು ಪತ್ರದ ಅನುಕ್ರಮ ತಿರುಗಿಸಿ ನೋಡಿದರೆ ಇದರ ಕೀಲಿ ಸಿಗುತ್ತೆ. ಮೊದಲ ಪತ್ರದಲ್ಲೇ "19,000 ಯೆನ್ ಕಳಿಸಿ" ಅಂದಿದ್ದರೆ? ಓದಿದವನು ಬೆಲೆಯ ಬಗ್ಗೆ ಮಾತ್ರ ಯೋಚಿಸುತ್ತಿದ್ದ. ಆಸಕ್ತಿ ಇದೆ ಅಂತ ಒಮ್ಮೆ ತನ್ನ ಕೈಯಾರೆ ಬರೆದವನು ಎರಡನೇ ಪತ್ರವನ್ನು ಬೇರೆ ಕಣ್ಣಿನಿಂದ ಓದುತ್ತಾನೆ, ಅದು ಅವನೇ ಕೇಳಿ ತರಿಸಿಕೊಂಡ ಪತ್ರ. ಒಂದು ಅಂಗಡಿಗೆ ಒಂದೇ ಎಂಜಿನ್ ಅನ್ನುವುದೂ ಬರೀ ಗಿಮಿಕ್ ಅಲ್ಲ. ಕಾರ್ಖಾನೆಗೆ ಅಷ್ಟೇ ಮಾಡಲು ಆಗುತ್ತಿದ್ದದ್ದು. ಅಂಗಡಿಯವನಿಗೆ ಅದು ಕಳಕೊಂಡರೂ ತಡೆದುಕೊಳ್ಳಬಹುದಾದ ಮೊತ್ತ.

ಇದನ್ನೆಲ್ಲ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. "ಜಪಾನಿನವರ ಕತೆ ಬಿಡು, ನಮ್ಮದು ಬರಿ" ಅಂದ.

ಬರೆಯುವ ಮೊದಲು ಒಂದು ಅನುಮಾನ ಪರಿಹಾರ ಮಾಡಿಕೊಳ್ಳಬೇಕಿತ್ತು. ನಲವತ್ತರಲ್ಲಿ ಒಬ್ಬರೂ ಬೇಡ ಅಂತಲೂ ಅನ್ನದೇ ಇರುವುದು ವಿಚಿತ್ರ. ಅಣ್ಣನ ವಿಳಾಸದಿಂದ ನನ್ನ ಜಿಮೇಲಿಗೆ ಅದೇ ಇಮೇಲ್ ಕಳಿಸಿ ನೋಡಿದೆ. ಸೀದಾ ಸ್ಪ್ಯಾಮಿಗೆ ಹೋಗಿ ಬಿದ್ದಿತ್ತು! ಮೂರು ಚುಕ್ಕೆ ಒತ್ತಿ `Show original` ತೆರೆದರೆ ಅಲ್ಲಿ SPF ಪಾಸ್ ಆಗಿರಲಿಲ್ಲ. ಅಂದರೆ ಅಣ್ಣನ ಹೊಸ ಡೊಮೇನಿನ ಹೆಸರಿನಲ್ಲಿ ಯಾವ ಸರ್ವರು ಇಮೇಲ್ ಕಳಿಸಬಹುದು ಅಂತ ಎಲ್ಲೂ ನಮೂದು ಇರಲಿಲ್ಲ. ಡೊಮೇನಿನ ಡಿಎನ್ಎಸ್ ಸೆಟ್ಟಿಂಗಿನಲ್ಲಿ ಒಂದು ಟಿಎಕ್ಸ್‌ಟಿ ಸಾಲು ಸೇರಿಸಬೇಕು. ಅವನ ಇಮೇಲ್ ಗೂಗಲ್ಲಿನದ್ದಾದ್ದರಿಂದ ಅದು ಹೀಗೆ:

```
v=spf1 include:_spf.google.com ~all
```

ಜೊತೆಗೆ ಡಿಕಿಮ್ ಸಹಿಯನ್ನೂ ಆನ್ ಮಾಡಿದೆ. ಇಷ್ಟು ಮಾಡಿದರೆ ಇನ್‌ಬಾಕ್ಸ್ ಗ್ಯಾರಂಟಿ ಅಂತಲ್ಲ. ಹೊಸ ಡೊಮೇನಿನಿಂದ ಒಂದೇ ಸಲಕ್ಕೆ ನಲವತ್ತು ಜನಕ್ಕೆ ಭಾರದ ಪಿಡಿಎಫ್ ಹೊತ್ತ ಇಮೇಲ್ ಹೋದರೆ ಫಿಲ್ಟರಿಗೆ ಅನುಮಾನ ಬಂದೇ ಬರುತ್ತೆ. ನಾನು ಆಫೀಸಿನಲ್ಲಿ ದಿನಾ ಇಂಥ ಸಿಸ್ಟಮ್ಮಿನ ಜೊತೆ ಕೆಲಸ ಮಾಡುವವನು, ಮನೆಯವರ ಕೆಲಸಕ್ಕೆ ನೋಡಿರಲಿಲ್ಲ. ಅಣ್ಣನಿಗೆ ಇದನ್ನು ಹೇಳಲು ಒಂದು ವಾರ ತಗೊಂಡೆ.

ಎರಡನೇ ಸುತ್ತಿಗೆ ಹನ್ನೆರಡೇ ವಿಳಾಸ ಇಟ್ಟುಕೊಂಡ್ವಿ. ಕಳೆ ಕೊಚ್ಚುವ ಯಂತ್ರ, ಸ್ಪ್ರೇಯರ್ ಇವನ್ನು ಅಡಿಕೆ ಸೀಮೆಯ ಅಂಗಡಿಗಳಿಗೆ ಸಪ್ಲೈ ಮಾಡುವವರು ಮಾತ್ರ. ದಿನಕ್ಕೆ ಮೂರು, ಒಬ್ಬೊಬ್ಬರಿಗೆ ಬೇರೆ ಬೇರೆ. ಕೇಳಿದ್ದು ಒಂದೇ, ಯಂತ್ರ ತಂದು ತೋರಿಸಲಾ? ಮೂರು ಉತ್ತರ ಬಂತು. ಒಂದು "ಬೇಡ". ಇನ್ನೊಂದು "ಈಗ ಬೇಡ". ಮೂರನೆಯದು ಪುತ್ತೂರು, ಸುಳ್ಯ ಕಡೆಗೆ ಮಾಲು ಕೊಡುವ ಮಂಗಳೂರಿನ ಒಬ್ಬರದ್ದು. ಅವರು ಬರೆದದ್ದು ಒಂದು ಸಾಲು. "ನಿಮ್ಮದು ಹಸಿ ಸುಲಿಯುವುದಾ, ಚಾಲಿ ಸುಲಿಯುವುದಾ? ನಮ್ಮಲ್ಲಿ ಎಲ್ಲ ಚಾಲಿಯೇ ಅಲ್ವಾ ಮಾರಾಯ್ರೆ."

ಅಡಿಕೆ ಸೀಮೆಯವರಲ್ಲದವರಿಗೆ ಸ್ವಲ್ಪ ಹೇಳಬೇಕು. ನಮ್ಮ ಮಲೆನಾಡಿನಲ್ಲಿ ಹೆಚ್ಚಾಗಿ ಕಾಯಿ ಹಸಿರಿದ್ದಾಗಲೇ ಕೊಯ್ದು, ಸುಲಿದು, ಬೇಯಿಸಿ ಕೆಂಪಡಿಕೆ ಮಾಡ್ತೇವೆ. ದಕ್ಷಿಣ ಕನ್ನಡದಲ್ಲಿ ಹಣ್ಣಾದ ಅಡಿಕೆಯನ್ನು ಅಂಗಳದಲ್ಲಿ ತಿಂಗಳಿಗೂ ಹೆಚ್ಚು ಒಣಗಿಸಿ ಆಮೇಲೆ ಸುಲೀತಾರೆ, ಅದು ಚಾಲಿ. ಹಸಿ ಸಿಪ್ಪೆ ಮೆತ್ತಗೆ, ಒಳಗಿನ ಅಡಿಕೆಗೆ ಅಂಟಿಕೊಂಡಿರುತ್ತೆ. ಒಣಗಿದ ಸಿಪ್ಪೆ ನಾರು ನಾರು, ಅಡಿಕೆ ಒಳಗೆ ಸಡಿಲವಾಗಿ ಕಲಕಲ ಅನ್ನುತ್ತೆ. ಹಸಿಗೆ ಹೊಂದಿಸಿದ ಬ್ಲೇಡಿಗೆ ಚಾಲಿ ಹಾಕಿದರೆ ನಾರು ರೋಲರಿಗೆ ಸುತ್ತಿಕೊಳ್ಳುತ್ತೆ, ಇಲ್ಲವೇ ಅಡಿಕೆ ಒಡೆಯುತ್ತೆ. ಒಡೆದ ಅಡಿಕೆಗೆ ರೇಟು ಬಿದ್ದುಹೋಗುತ್ತೆ. ಅಣ್ಣನ ಯಂತ್ರ ಹಸಿಯದ್ದು. ಇಡೀ ಮೊದಲ ಸುತ್ತು ನಾವು ಬೇಡದವರ ಹತ್ತಿರ ಬೇಡದ ಯಂತ್ರ ಮಾರಲು ಹೊರಟಿದ್ವಿ. ಒಂಬತ್ತು ಪುಟದ ಪಿಡಿಎಫ್‌ನಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲ.

ಫುಜಿಸಾವಾ ಪಟ್ಟಿಯ ಬಲ ಈಗ ಅರ್ಥವಾಯಿತು. 55,000 ವಿಳಾಸದಲ್ಲಿ ಒಂದೊಂದೂ ಸೈಕಲ್ ಅಂಗಡಿಯದ್ದೇ. ಎಂಜಿನ್ ಕಟ್ಟಬಹುದಾದ ಸೈಕಲ್ ಇಲ್ಲದ ಅಂಗಡಿ ಅದರಲ್ಲಿ ಇರಲಿಲ್ಲ.

ಆ ಮಳೆಗಾಲ ಅಣ್ಣ ಶೆಡ್ಡಿನಲ್ಲೇ ಕೂತ. ಕೊಪ್ಪದ ಕಡೆ ಚಾಲಿ ಮಾಡುವ ಇಬ್ಬರಿಂದ ಚೀಲಗಟ್ಟಲೆ ಅಡಿಕೆ ತಂದು ಬ್ಲೇಡಿನ ಸಂದು ಬದಲಿಸಿ, ರೋಲರಿನ ಹಲ್ಲು ಬದಲಿಸಿ, ಒಡೆದದ್ದನ್ನು ಬೇರೆ ರಾಶಿ ಮಾಡಿ ತೂಗಿ ನೋಡ್ತಿದ್ದ. ದೊಡ್ಡಮ್ಮ ಹಳೇ ಮೆಟ್ಟುಗತ್ತಿ ತಂದು ಪಕ್ಕದಲ್ಲಿ ಕೂತು ಯಂತ್ರ ಬಿಟ್ಟದ್ದನ್ನು ಸುಲಿಯುತ್ತಾ "ಇದಕ್ಕಿಂತ ನಾನೇ ವಾಸಿ" ಅಂತಿದ್ದರು. ಕಾರ್ತಿಕದ ಹೊತ್ತಿಗೆ ಆ ಮಾತು ನಿಂತಿತು. ಯಂತ್ರವನ್ನು ಆ ಇಬ್ಬರು ಬೆಳೆಗಾರರ ಮನೆಯಲ್ಲೇ ಸೀಸನ್ ಮುಗಿಯುವವರೆಗೆ ಓಡಿಸಲು ಬಿಟ್ಟ.

ಆಮೇಲೆ ಮಂಗಳೂರಿನವರಿಗೆ ಮತ್ತೆ ಬರೆದದ್ದು ಇದು. ವಿಳಾಸ ಬಿಟ್ಟು ಪೂರ್ತಿ ಕೊಡ್ತಿದ್ದೇನೆ.

ವಿಷಯ: ಚಾಲಿ ಸುಲಿಯುವ ಸಣ್ಣ ಯಂತ್ರ, ನಿಮ್ಮ ಗೋಡೌನಿನಲ್ಲಿ ಒಂದು ಗಂಟೆ ತೋರಿಸಬಹುದೇ?

"ನಮಸ್ಕಾರ. ಹೋದ ವರ್ಷ ನೀವು ನಮ್ಮ ಯಂತ್ರ ಹಸಿಯದ್ದೋ ಚಾಲಿಯದ್ದೋ ಎಂದು ಕೇಳಿದ್ದಿರಿ. ಆಗ ಹಸಿಯದ್ದು ಮಾತ್ರ ಇತ್ತು. ಈಗ ಚಾಲಿಗೇ ಬೇರೆ ಯಂತ್ರ ಮಾಡಿದ್ದೇವೆ. ಎರಡು ಎಕರೆಯೊಳಗಿನ ತೋಟದವರಿಗೆ ಸುಲಿಯುವವರು ಸಿಗುವುದಿಲ್ಲ. ಬಾಡಿಗೆಯ ದೊಡ್ಡ ಯಂತ್ರ ಅವರ ಸಣ್ಣ ರಾಶಿಗಾಗಿ ಬರುವುದಿಲ್ಲ. ಇದು ಮನೆಯ ಕರೆಂಟಿನಲ್ಲಿ ಒಂದು ಎಚ್‌ಪಿ ಮೋಟಾರಿನಿಂದ ಓಡುತ್ತದೆ, ಇಬ್ಬರು ಎತ್ತಬಹುದು. ನಮ್ಮ ಖರ್ಚಿನಲ್ಲಿ ಯಂತ್ರ ನಿಮ್ಮ ಗೋಡೌನಿಗೆ ತಂದು, ನಿಮ್ಮದೇ ಒಂದು ಚೀಲ ಚಾಲಿ ಸುಲಿದು, ಒಡೆದದ್ದನ್ನು ನಿಮ್ಮೆದುರೇ ತೂಗಿ ತೋರಿಸುತ್ತೇನೆ. ಬರಲೇ? 'ಬನ್ನಿ' ಅಥವಾ 'ಬೇಡ' ಎಂದು ಬರೆದರೆ ಸಾಕು."

ಕೆಳಗೆ ಅಣ್ಣನ ಹೆಸರು, ಊರು, ಫೋನ್ ನಂಬರ್. ಪಿಡಿಎಫ್ ಇಲ್ಲ.

ಬೆಲೆಯ ಬಗ್ಗೆ ನಮ್ಮಿಬ್ಬರಿಗೆ ಜಗಳವೇ ಆಯಿತು. "ರೇಟು ಹಾಕದೇ ಇದ್ದರೆ ಮುಚ್ಚಿಡ್ತಿದ್ದಾರೆ ಅಂದುಕೊಳ್ತಾರೆ" ಅಂತ ಅವನು. ಬೆಲೆ ಹಾಕಿದರೆ ಅವರ ಉತ್ತರ ಬೆಲೆಗೆ ಬರುತ್ತೆ, ನಾವು ಕೇಳಿದ ಪ್ರಶ್ನೆಗೆ ಬರಲ್ಲ ಅಂತ ನಾನು. ಯಾವ ಕಾಲಕ್ಕೂ ಬೆಲೆ ಹೇಳಬಾರದು ಅನ್ನುವ ವಾದ ನನ್ನದಲ್ಲ. ಪೈಪಿನ ಫಿಟ್ಟಿಂಗ್ ಥರ ಎಲ್ಲರಿಗೂ ಗೊತ್ತಿರುವ ಮಾಲನ್ನು ಎರಡು ರೂಪಾಯಿ ಕಡಿಮೆಗೆ ಕೊಡ್ತೀನಿ ಅನ್ನುವವನಿಗೆ ಬೆಲೆಯೇ ಮೊದಲ ಸಾಲು. ಯಾರೂ ನೋಡಿರದ ಯಂತ್ರಕ್ಕೆ ಹಾಗಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದ್ವಿ. ಅವರು 'ಬನ್ನಿ' ಅಂದ ಮೇಲೆ ಹೋಗುವ ಎರಡನೇ ಇಮೇಲಿನಲ್ಲಿ ಬೆಲೆ, ಅವರ ಕಮಿಷನ್, ಬ್ಲೇಡಿನ ಬೆಲೆ ಎಲ್ಲ ಬಿಚ್ಚಿ ಬರೆಯೋದು. ಬ್ಯಾಂಕ್ ಮ್ಯಾನೇಜರರ ಜಾಗಕ್ಕೆ ಆ ಇಬ್ಬರು ಬೆಳೆಗಾರರನ್ನು ಕೇಳಿ ಅವರ ಫೋನ್ ನಂಬರ್ ಹಾಕೋದು.

ಆರು ದಿನ ಉತ್ತರ ಬರಲಿಲ್ಲ. ಏಳನೇ ದಿನ ಅದೇ ಇಮೇಲಿನ ಕೆಳಗೆ ಒಂದು ಸಾಲು ಹಾಕಿದೆ, "ಮುಂದಿನ ಗುರುವಾರ ನಮ್ಮ ಗಾಡಿ ಆ ಕಡೆ ಬರುವುದಿದೆ, ಬರಲೇ?" ಸಂಜೆ ಉತ್ತರ ಬಂತು. "ಬನ್ನಿ. ಊಟಕ್ಕೆ ಮೊದಲು."

ಅಣ್ಣ ಹೋಗಿ ಬಂದ. ಅವರು ಕೊಟ್ಟ ಚೀಲದಲ್ಲಿ ಅರ್ಧ ಸರಿಯಾಗಿ ಒಣಗಿರಲಿಲ್ಲ. ಬೇಕಂತಲೇ ಕೊಟ್ಟಿರಬಹುದು. ಒಡೆದದ್ದು ನಮ್ಮ ಶೆಡ್ಡಿನಲ್ಲಿ ಬಂದಿದ್ದಕ್ಕಿಂತ ಜಾಸ್ತಿಯೇ ಬಂತು, ಹೇಳಿದ ಹಾಗೆ ಎದುರೇ ತೂಗಿದ. ಅವರು ಎರಡು ಯಂತ್ರ ಇಡಿ ಅಂದರು, ದುಡ್ಡು ಮಾರಿದ ಮೇಲೆ. ಅಣ್ಣ ನನಗೆ ಫೋನ್ ಮಾಡಿ "ನಿನ್ನ ಜಪಾನಿನವರು ಮುಂಗಡ ತಗೊಂಡಿದ್ದರಲ್ಲ?" ಅಂತ ಕೇಳಿದ. ತಗೊಂಡಿದ್ದರು. ಆದರೆ ಅವರ ಹಿಂದೆ ಬ್ಯಾಂಕಿತ್ತು, ಮುಂದೆ ಎಂಜಿನ್ನಿಗೆ ಕಾದು ಕೂತ ದೇಶ ಇತ್ತು. ನಮ್ಮ ಹಿಂದೆ ಕೊಪ್ಪದ ಇಬ್ಬರು. ಒಂದು ಯಂತ್ರ ಉಧಾರಿ, ಇನ್ನೊಂದಕ್ಕೆ ಅರ್ಧ ಮುಂಗಡ ಅನ್ನುವಲ್ಲಿಗೆ ಮಾತು ನಿಂತಿತು.

ಹೋಂಡಾ ಕತೆಯ ಇನ್ನೊಂದು ತುದಿಯನ್ನೂ ಹೇಳಬೇಕು, ಯಾಕೆಂದರೆ ಇಂಥ ಕತೆ ಹೇಳುವವರು ಸಾಮಾನ್ಯವಾಗಿ ಮೂವತ್ತು ಸಾವಿರ ಉತ್ತರಕ್ಕೇ ನಿಲ್ಲಿಸಿಬಿಡುತ್ತಾರೆ. ಎರಡೇ ವರ್ಷದಲ್ಲಿ, 1954ರ ಹೊತ್ತಿಗೆ, ಕಬ್ ಎಫ್ ಮಾರಾಟ ಬಿದ್ದುಹೋಯಿತು. ಬೇರೆ ಕಂಪನಿಗಳೂ ಅಂಥ ಎಂಜಿನ್‌ಗಳನ್ನು ತಂದಿದ್ದವು. ಹೋಂಡಾದ ಜೂನೋ ಸ್ಕೂಟರ್ ಸೋತಿತು, ಡ್ರೀಮ್ ಮೋಟಾರ್‌ಸೈಕಲ್ಲಿನ ಹೊಸ ಎಂಜಿನ್ ತೊಂದರೆ ಕೊಟ್ಟಿತು, ಕಂಪನಿ ಮುಳುಗುವ ಹಂತಕ್ಕೆ ಬಂತು. ಫುಜಿಸಾವಾ ಬಿಡಿಭಾಗ ಕೊಡುವವರನ್ನು ಕೂರಿಸಿಕೊಂಡು ಈಗ ಇಷ್ಟು ತಗೊಳ್ಳಿ, ಮಿಕ್ಕದ್ದು ಆಮೇಲೆ ಅಂತ ಒಪ್ಪಿಸಬೇಕಾಯಿತು. ಆಗ ಕೈಹಿಡಿದದ್ದೂ ಅದೇ ಮಿತ್ಸುಬಿಷಿ ಬ್ಯಾಂಕು. 55,000 ಪತ್ರ ಅಂಗಡಿಗಳನ್ನು ಕೊಟ್ಟಿತ್ತು, ಆ ಅಂಗಡಿಗಳಲ್ಲಿ ಮಾರಲು ಮುಂದಿನ ಮಾಲನ್ನು ಕೊಟ್ಟಿರಲಿಲ್ಲ. ಅದು ಬಂದದ್ದು 1958ರಲ್ಲಿ, ಸೂಪರ್ ಕಬ್. ಅದನ್ನು ಹಳ್ಳಿ ಹಳ್ಳಿಯಲ್ಲಿ ಮಾರಿದ್ದು ಎಂಜಿನ್ ಮಾರುವುದನ್ನು ಕಲಿತಿದ್ದ ಅವೇ ಸೈಕಲ್ ಅಂಗಡಿಗಳು.

ಮಂಗಳೂರಿನವರಿಂದ ಹೋದ ಜನವರಿಯಲ್ಲಿ ಅಣ್ಣನಿಗೆ ಒಂದು ಇಮೇಲ್ ಬಂದಿತ್ತು. ನನಗೆ ಫಾರ್ವರ್ಡ್ ಮಾಡಿದ. ವಿಷಯದ ಜಾಗ ಖಾಲಿ. ಒಳಗೆ ಒಂದೇ ಸಾಲು, "ಬ್ಲೇಡ್ ಹತ್ತು ಸೆಟ್ ಶನಿವಾರದೊಳಗೆ ಕಳಿಸಲು ಆಗುತ್ತದಾ?" ಏನು ಬರೆಯಲಿ ಅಂತ ನನ್ನನ್ನು ಕೇಳಿದ. ನಾನು ಮೀಟಿಂಗಿನಲ್ಲಿದ್ದೆ. ಹೊರಬಂದು ನೋಡುವಷ್ಟರಲ್ಲಿ ಅವನೇ "ಆಗುತ್ತದೆ" ಅಂತ ಬರೆದು ಕಳಿಸಿ, ಲೇತಿನ ಮುಂದೆ ಹೋಗಿ ನಿಂತಿದ್ದ.